ಮೇಲೊಂದು ಕಿವಿ, ಕೆಳಗೊಂದು ಕಿವಿ

ಒಂದೆಳೆ ಬೆಳಕೂ ನುಸುಳದಂತೆ ಸಂದುಗೊಂದುಗಳನ್ನೆಲ್ಲ ಮುಚ್ಚಿದ ಕೋಣೆ. ನೆಲದ ತುಂಬ ಒಣ ಎಲೆ. ಒಂದು ಕಡೆ ಎತ್ತರದಲ್ಲಿ ಕೂತ ಕಣಜ ಗೂಬೆ. ಕೆಳಗೆ ಬಿಟ್ಟ ಇಲಿ ಎಲೆಗಳ ಮೇಲೆ ಒಂದೆರಡು ಹೆಜ್ಜೆ ಇಟ್ಟಿತೋ ಇಲ್ಲವೋ, ಗೂಬೆ ಹಾರಿ ಬಂದು ಅದರ ಮೇಲೆ ಎರಗುತ್ತಿತ್ತು. 1950ರ ದಶಕದ ಕೊನೆಯ ವರ್ಷಗಳಲ್ಲಿ ಅಮೆರಿಕದ ಜೀವವಿಜ್ಞಾನಿ ರೋಜರ್ ಪೇನ್ ಈ ಪ್ರಯೋಗಗಳನ್ನು ಶುರುಮಾಡಿದರು. ಮುಂದೆ ಹಂಪ್‌ಬ್ಯಾಕ್ ತಿಮಿಂಗಿಲಗಳ ಹಾಡನ್ನು ಜಗತ್ತಿಗೆ ಕೇಳಿಸಿದವರೂ ಇದೇ ಪೇನ್.

ಗೂಬೆಗೆ ಕತ್ತಲಲ್ಲೂ ಕಣ್ಣು ಕಾಣುತ್ತದೆ ಎಂಬುದು ಎಲ್ಲರೂ ಹೇಳುವ ಮಾತು. ಮಬ್ಬು ಬೆಳಕಿನಲ್ಲಿ ಅದು ನಿಜವೂ ಹೌದು. ಆದರೆ ಬೆಳಕೇ ಇಲ್ಲದ ಕೋಣೆಯಲ್ಲಿ ಯಾವ ಕಣ್ಣಿಗೂ ಕೆಲಸವಿಲ್ಲ. ಹಾಗಾದರೆ ಇಲಿಯ ವಾಸನೆಯೋ ಮೈಶಾಖವೋ ಗೂಬೆಗೆ ದಾರಿ ತೋರುತ್ತಿರಬಹುದೇ? ಪೇನ್ ಇಲಿಯ ಗಾತ್ರದ ಕಾಗದದ ಉಂಡೆಗೆ ದಾರ ಕಟ್ಟಿ ಎಲೆಗಳ ನಡುವೆ ಎಳೆದರು. ಗೂಬೆ ಅದರ ಮೇಲೂ ಎರಗಿತು. ಕಾಗದಕ್ಕೆ ಇಲಿಯ ವಾಸನೆಯಿಲ್ಲ, ಮೈಬಿಸಿಯಿಲ್ಲ. ಉಳಿದದ್ದು ಸರಸರ ಸದ್ದು ಮಾತ್ರ. 1971ರಲ್ಲಿ ಪ್ರಕಟವಾದ ತಮ್ಮ ವಿವರವಾದ ಲೇಖನದಲ್ಲಿ ಅವರು, ಗೂಬೆಯ ಗುರಿ ಎಡ-ಬಲದಲ್ಲಿ ಆಗಲಿ, ಮೇಲೆ-ಕೆಳಗೆ ಆಗಲಿ, 1 ಡಿಗ್ರಿಗಿಂತ ಹೆಚ್ಚು ತಪ್ಪುವುದಿಲ್ಲ ಎಂದು ಬರೆದರು.

ಎಡ-ಬಲದ ಲೆಕ್ಕ ನಮಗೂ ಗೊತ್ತಿರುವಂಥದ್ದೇ. ಬಲಗಡೆಯಿಂದ ಬಂದ ಸದ್ದು ಬಲಗಿವಿಯನ್ನು ಮೊದಲು ಮುಟ್ಟುತ್ತದೆ, ಎಡಗಿವಿಯನ್ನು ಆಮೇಲೆ. ಗೂಬೆಯ ತಲೆ ಚಿಕ್ಕದಾದ್ದರಿಂದ ಈ ಅಂತರ ತೀರಾ ಕಡಿಮೆ. ಸದ್ದು 1 ಡಿಗ್ರಿ ಪಕ್ಕಕ್ಕೆ ಸರಿದರೆ ಎರಡು ಕಿವಿಗಳ ನಡುವೆ ಬರುವ ವ್ಯತ್ಯಾಸ ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡೂವರೆ ಭಾಗ ಮಾತ್ರ. ಇಲಿ 20 ಡಿಗ್ರಿ ಬಲಕ್ಕಿದ್ದರೆ ಅಂಥ ಸುಮಾರು ಐವತ್ತು ಭಾಗ. ಇಷ್ಟು ಸಣ್ಣ ಕಾಲವನ್ನು ಗೂಬೆಯ ಮಿದುಳು ಅಳೆಯುತ್ತದೆ.

ಕಷ್ಟ ಇರುವುದು ಮೇಲೆ-ಕೆಳಗಿನ ಲೆಕ್ಕದಲ್ಲಿ. ಎರಡು ಕಿವಿಗಳೂ ಒಂದೇ ಎತ್ತರದಲ್ಲಿ, ಒಂದೇ ರೀತಿ ಇದ್ದರೆ, ಮುಖದ ನೇರಕ್ಕೆ ಮೇಲಿಂದ ಬಂದ ಸದ್ದೂ ಕೆಳಗಿಂದ ಬಂದ ಸದ್ದೂ ಎರಡು ಕಿವಿಗಳಿಗೆ ಒಟ್ಟಿಗೇ ತಲುಪುತ್ತವೆ, ಅಷ್ಟೇ ಜೋರಾಗಿ ಕೇಳುತ್ತವೆ. ಒಂದು ಕಿವಿಯನ್ನು ಇನ್ನೊಂದರ ಜೊತೆ ಹೋಲಿಸಿ ಪ್ರಯೋಜನವಿಲ್ಲ. ಎತ್ತರದಲ್ಲಿ ಕೂತು ನೆಲದ ಬೇಟೆಗೆ ಕಾಯುವ ಹಕ್ಕಿಗೆ ಇದು ಸಣ್ಣ ಕೊರತೆಯಲ್ಲ. ಗೂಬೆ ನೆಲದಿಂದ 3 ಮೀಟರ್ ಎತ್ತರದ ಕಂಬದ ಮೇಲಿದೆ, ಇಲಿಯ ಸದ್ದು 30 ಡಿಗ್ರಿ ಕೆಳಗಿನಿಂದ ಬರುತ್ತಿದೆ ಎಂದಿಟ್ಟುಕೊಳ್ಳಿ. ಆಗ ಇಲಿ ಕಂಬದ ಬುಡದಿಂದ ಸುಮಾರು 5.2 ಮೀಟರ್ ದೂರದಲ್ಲಿದೆ. ಎಡ-ಬಲದ ಅಂದಾಜು 1 ಡಿಗ್ರಿ ತಪ್ಪಿದರೆ ಕಾಲು ಬೀಳುವ ಜಾಗ ಸುಮಾರು 9 ಸೆಂಟಿಮೀಟರ್ ಆಚೀಚೆ ಆಗುತ್ತದೆ. ಮೇಲೆ-ಕೆಳಗಿನ ಅಂದಾಜು ಅಷ್ಟೇ 1 ಡಿಗ್ರಿ ತಪ್ಪಿದರೆ 20 ಸೆಂಟಿಮೀಟರ್ ಆಗುತ್ತದೆ. 5 ಡಿಗ್ರಿ ತಪ್ಪಿದರೆ ಸುಮಾರು ಒಂದು ಮೀಟರ್. ನೆಲದ ಮೇಲಿನ ಇಲಿ ಎಷ್ಟು ದೂರದಲ್ಲಿದೆ ಎಂಬುದೆಲ್ಲ ಈ ಒಂದು ಕೋನದಲ್ಲೇ ಅಡಗಿದೆ.

ಕಣಜ ಗೂಬೆಯ ಕಿವಿ ಈ ತೊಡಕನ್ನು ಬಿಡಿಸಿಕೊಂಡ ರೀತಿಯೇ ಬೇರೆ. ಅದರ ಬಿಳಿಯ, ಹೃದಯದ ಆಕಾರದ ಮುಖದ ಅಂಚಿನಲ್ಲಿ ಒತ್ತಾಗಿ, ಗಟ್ಟಿಯಾಗಿ ನಿಂತ ಗರಿಗಳ ಸಾಲಿದೆ. ಬೋಗುಣಿಯಂತೆ ಒಳಗೆ ಬಾಗಿರುವ ಈ ಮುಖವೇ ಸದ್ದನ್ನು ಬಾಚಿ ಕಿವಿಯ ಕಡೆಗೆ ಕಳಿಸುತ್ತದೆ. ಕಿವಿಯ ತೂತುಗಳು ಮುಖದ ಗರಿಗಳ ಹಿಂದೆ ಮರೆಯಾಗಿವೆ. ಕೊಂಬಿನ ಗೂಬೆಗಳ ತಲೆಯ ಮೇಲೆ ಕಿವಿಯ ಹಾಗೆ ನಿಂತಿರುತ್ತವಲ್ಲ, ಅವು ಬರೀ ಗರಿ, ಕೇಳುವುದಕ್ಕೂ ಅವಕ್ಕೂ ಸಂಬಂಧವಿಲ್ಲ. ಕಣಜ ಗೂಬೆಯ ಮುಖದ ಗರಿಗಳನ್ನು ಸರಿಸಿ ನೋಡಿದರೆ ಎಡಗಿವಿ ಬಲಗಿವಿಗಿಂತ ಮೇಲಿರುವುದು ಕಾಣುತ್ತದೆ. ಅಷ್ಟೇ ಅಲ್ಲ, ಮೇಲಿರುವ ಎಡಗಿವಿ ಕೆಳಮುಖವಾಗಿದೆ, ಕೆಳಗಿರುವ ಬಲಗಿವಿ ಮೇಲ್ಮುಖವಾಗಿದೆ. ಹೀಗಾಗಿ ನೆಲದಿಂದ ಬಂದ ಸದ್ದು ಎಡಗಿವಿಗೆ ಜೋರಾಗಿ ಕೇಳುತ್ತದೆ, ಮೇಲಿಂದ ಬಂದದ್ದು ಬಲಗಿವಿಗೆ. ಸದ್ದು ತಲುಪಿದ ಕಾಲದ ವ್ಯತ್ಯಾಸ ಎಡ-ಬಲವನ್ನು ಹೇಳಿದರೆ, ಜೋರಿನ ವ್ಯತ್ಯಾಸ ಮೇಲೆ-ಕೆಳಗನ್ನು ಹೇಳುತ್ತದೆ. ಎರಡು ಕಿವಿಗಳಿಗೂ ಸದ್ದು ಒಂದೇ ಕ್ಷಣದಲ್ಲಿ, ಒಂದೇ ಜೋರಿನಲ್ಲಿ ಕೇಳುವ ತನಕ ಗೂಬೆ ತಲೆ ತಿರುಗಿಸಿತೆಂದರೆ ಅದರ ಮುಖ ನೇರವಾಗಿ ಇಲಿಯ ಕಡೆಗೇ ಇರುತ್ತದೆ.

ಇದು ಹೀಗೇ ಎಂದು ಖಚಿತವಾದದ್ದು 1970ರ ದಶಕದಲ್ಲಿ. ಜಪಾನಿನಲ್ಲಿ ಹುಟ್ಟಿ, ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿದ್ದ ಮಸಕಾಜು ಕೊನಿಶಿ ಮತ್ತು ಅವರ ಜೊತೆಗಿದ್ದ ಎರಿಕ್ ನಡ್ಸೆನ್, ಗೂಬೆಯ ಒಂದೊಂದೇ ಕಿವಿಗೆ ಬಿರಡೆ ಹಾಕಿ ನೋಡಿದರು. ಎಡಗಿವಿ ಮುಚ್ಚಿದಾಗ ಗೂಬೆ ಸದ್ದಿನ ಜಾಗಕ್ಕಿಂತ ಮೇಲಕ್ಕೂ ತುಸು ಬಲಕ್ಕೂ ಮುಖ ತಿರುಗಿಸಿತು. ಬಲಗಿವಿ ಮುಚ್ಚಿದಾಗ ಕೆಳಕ್ಕೂ ತುಸು ಎಡಕ್ಕೂ ತಿರುಗಿಸಿತು. ಈ ತಪ್ಪಿನಲ್ಲೇ ಉತ್ತರವಿತ್ತು. ಬಿರಡೆಯಿಂದ ಸದ್ದಿನ ಜೋರು ಕಡಿಮೆಯಾಗುತ್ತದೆ, ಜೋರು ಏರುಪೇರಾದಾಗ ಮುಖ್ಯವಾಗಿ ಕೆಟ್ಟದ್ದು ಎತ್ತರದ ಅಂದಾಜು. ಮುಖದ ಅಂಚಿನ ಗಟ್ಟಿ ಗರಿಗಳನ್ನು ತೆಗೆದಾಗಲೂ ಹೀಗೇ ಆಯಿತು. ಗೂಬೆ ಎಡ-ಬಲವನ್ನು ಗುರುತಿಸುತ್ತಿತ್ತು, ಮೇಲೆ-ಕೆಳಗು ಮಾತ್ರ ಅದಕ್ಕೆ ತಿಳಿಯದಾಯಿತು. 1978ರಲ್ಲಿ ಇವರಿಬ್ಬರೂ ಗೂಬೆಯ ಮಿದುಳಿನಲ್ಲಿ ಸದ್ದಿನ ನಕ್ಷೆಯನ್ನೇ ಕಂಡರು. ಅಲ್ಲಿನ ಒಂದೊಂದು ನರಕೋಶವೂ ಎದುರಿನ ಒಂದೊಂದು ದಿಕ್ಕಿಗೆ ಮೀಸಲು, ಆ ದಿಕ್ಕಿನಿಂದ ಸದ್ದು ಬಂದಾಗಲೇ ಅದು ಚುರುಕಾಗುತ್ತದೆ.

ಈ ಉಪಾಯಕ್ಕೊಂದು ಷರತ್ತಿದೆ. ಸದ್ದು ಕೀರಲಾಗಿರಬೇಕು. ಬುಡುಬುಡು ಎನ್ನುವ ಮಂದ್ರ ಸದ್ದಿನ ಅಲೆ ಉದ್ದ, ಗೂಬೆಯ ಪುಟ್ಟ ತಲೆಯನ್ನು ಬಳಸಿಕೊಂಡು ಅದು ಎರಡು ಕಿವಿಗಳನ್ನೂ ಒಂದೇ ಜೋರಿನಲ್ಲಿ ಮುಟ್ಟಿಬಿಡುತ್ತದೆ. 7 ಕಿಲೋಹರ್ಟ್ಸ್ ಆಸುಪಾಸಿನ ಸದ್ದಿನ ಅಲೆ ಸುಮಾರು 5 ಸೆಂಟಿಮೀಟರ್ ಮಾತ್ರ. ಅಂಥದ್ದನ್ನು ಮುಖದ ಗರಿಗಳು ತಡೆದು ತಿರುಗಿಸಬಲ್ಲವು. ಒಣ ಎಲೆಯ ಸರಸರದಲ್ಲಿ, ಇಲಿಯ ಕಿಚಕಿಚದಲ್ಲಿ ಇಂಥ ಕೀರಲು ಧಾರಾಳವಾಗಿದೆ.

ರೆಕ್ಕೆಯ ಮಾತು ಬರುವುದು ಇಲ್ಲೇ. ಗೂಬೆ ಸದ್ದಿಲ್ಲದೆ ಹಾರುವುದು ಇಲಿಗೆ ಗೊತ್ತಾಗಬಾರದೆಂದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದರಷ್ಟೇ ದೊಡ್ಡ ಕಾರಣ ಇನ್ನೊಂದಿದೆ ಎಂದು ನನಗನ್ನಿಸುತ್ತದೆ, ಅದು ಗೂಬೆಯ ಸ್ವಂತ ಕಿವಿ. ಕೂತಲ್ಲಿಂದ ಹೊರಟ ಮೇಲೆ ಇಲಿ ಅಲ್ಲೇ ಕಾದಿರುವುದಿಲ್ಲ, ನಾಲ್ಕು ಹೆಜ್ಜೆ ಸರಿಯುತ್ತದೆ. ಗೂಬೆ ಹಾರುತ್ತಲೇ ಕೇಳಿ ದಾರಿ ತಿದ್ದಿಕೊಳ್ಳಬೇಕು. ತನ್ನ ರೆಕ್ಕೆಯೇ ಕಿವಿಯ ಪಕ್ಕದಲ್ಲಿ ಬುಸುಗುಟ್ಟಿದರೆ ಎಲೆಯ ಸರಸರ ಅದರಲ್ಲಿ ಮುಳುಗಿಹೋಗುತ್ತದೆ. ಅಳತೆಗಳೂ ಇದಕ್ಕೆ ಹೊಂದುತ್ತವೆ. ಹಾರುವ ಗೂಬೆಯ ಸದ್ದು ಪೂರ್ತಿ ಇಲ್ಲವಾಗಿಲ್ಲ, 2 ಕಿಲೋಹರ್ಟ್ಸ್‌ಗಿಂತ ಕೆಳಗಿನ ಮಂದ್ರ ಉಳಿದಿದೆ. ಅಡಗಿರುವುದು ಅದರ ಮೇಲಿನ ಕೀರಲು, ಅಂದರೆ ಕಿವಿಗೆ ಬೇಕಾದ ಪಟ್ಟಿಯೇ. ಇಲಿಯ ಕಿವಿಗೂ ಮಂದ್ರ ಸರಿಯಾಗಿ ಕೇಳದು, ಹಾಗಾಗಿ ಒಂದೇ ನಿಶ್ಶಬ್ದದಿಂದ ಎರಡೂ ಕೆಲಸ ಆಗುತ್ತದೆ.

ಸದ್ದು ಅಡಗಲು ಮೊದಲ ಕಾರಣ ನಿಧಾನ. ಕಣಜ ಗೂಬೆಯ ತೂಕ 300 ಗ್ರಾಮಿನ ಆಸುಪಾಸು, ಹೆಚ್ಚುಕಡಿಮೆ ನಮ್ಮ ಪಾರಿವಾಳದಷ್ಟೇ. ಆದರೆ ಪಾರಿವಾಳದ ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ 65 ಸೆಂಟಿಮೀಟರ್ ಇದ್ದರೆ, ಗೂಬೆಯದು 90ರ ಹತ್ತಿರ. ಇಷ್ಟಗಲದ ರೆಕ್ಕೆ ಇಷ್ಟು ಹಗುರ ಮೈಯನ್ನು ಹೊತ್ತಿರುವುದರಿಂದ ಅದು ಬೀಳದೆ ತೀರಾ ನಿಧಾನವಾಗಿ ತೇಲಬಲ್ಲದು. ರೆಕ್ಕೆಯ ಹಿಂದಂಚಿನಿಂದ ಹೊರಡುವ ಸದ್ದು ವೇಗದ ಐದನೆಯ ಘಾತದಂತೆ ಏರುತ್ತದೆ. ವೇಗ ಅರ್ಧಕ್ಕಿಳಿದರೆ ಆ ಸದ್ದಿನ ಶಕ್ತಿ 32ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ.

ಮಿಕ್ಕದ್ದು ಗರಿಯ ಕೆಲಸ. ಬ್ರಿಟನ್ನಿನ ಆರ್. ಆರ್. ಗ್ರಹಾಂ 1934ರಲ್ಲೇ ಈ ಗರಿಯ ಮೂರು ವಿಶೇಷಗಳನ್ನು ಬರೆದಿಟ್ಟಿದ್ದರು. ರೆಕ್ಕೆಯ ಹೊರತುದಿಯ ಗರಿಯನ್ನು ಬೆಳಕಿಗೆದುರಾಗಿ ಹಿಡಿದರೆ ಅದರ ಮುಂದಂಚಿನಲ್ಲಿ ಒಂದೆರಡು ಮಿಲಿಮೀಟರ್ ಉದ್ದದ, ಮೇಲಕ್ಕೆ ಬಾಗಿದ ಎಳೆಗಳು ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಕಾಣುತ್ತವೆ. ಎದುರಿಂದ ಬರುವ ಗಾಳಿ ಈ ಹಲ್ಲುಗಳ ನಡುವೆ ಸೀಳಿ ಸಣ್ಣ ಸಣ್ಣ ಸುಳಿಗಳಾಗಿ ರೆಕ್ಕೆಗೆ ಅಂಟಿಕೊಂಡೇ ಸಾಗುತ್ತದೆ. ಗರಿಯ ಮೇಲ್ಮೈ ಸವರಿದರೆ ನವಿರು, ಕಣ್ಣಿಗೆ ಬೀಳದಷ್ಟು ಸಣ್ಣ ರೋಮಗಳ ಹಾಸು. ರೆಕ್ಕೆ ಬಡಿಯುವಾಗ ಗರಿಗೆ ಗರಿ ಉಜ್ಜಿ ಸದ್ದಾಗುವುದನ್ನು ಈ ಹಾಸು ತಪ್ಪಿಸುತ್ತದೆ. ಹಿಂದಂಚಿನಲ್ಲಿ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳದೆ ಸೆರಗಿನ ಕುಚ್ಚಿನ ಹಾಗೆ ಸಡಿಲವಾಗಿ ಜೋತಿರುತ್ತವೆ. ಹಕ್ಕಿಯ ರೆಕ್ಕೆಯ ಬುಸುಬುಸು ಹೆಚ್ಚಾಗಿ ಹುಟ್ಟುವುದು ಗಾಳಿಯ ಸುಳಿಗಳು ಗರಿಯ ಚೂಪು ಹಿಂದಂಚನ್ನು ದಾಟುವಾಗ. ಅಂಚೇ ಚೂಪಾಗಿಲ್ಲದಿದ್ದರೆ ಸುಳಿಗಳು ಸದ್ದಾಗಿ ಸಿಡಿಯುವುದಿಲ್ಲ.

ಎಲ್ಲ ಗೂಬೆಗಳಿಗೂ ಇದೆಲ್ಲ ಇದೆಯೆಂದಲ್ಲ. ನಮ್ಮ ಹೊಳೆ-ಕೆರೆಗಳ ದಡದಲ್ಲಿರುವ ಮೀನು ಗೂಬೆ ಹಾರುವಾಗ ರೆಕ್ಕೆಯ ಸದ್ದು ಕೇಳುತ್ತದೆ, ಅದರ ಗರಿಗಳಲ್ಲಿ ಬಾಚಣಿಗೆಯ ಹಲ್ಲು ಹೆಚ್ಚುಕಡಿಮೆ ಇಲ್ಲ. ನೀರಿನೊಳಗಿನ ಮೀನಿಗೆ ರೆಕ್ಕೆಯ ಸದ್ದು ಮುಟ್ಟದು, ಮೀನಿನ ಸದ್ದೂ ಗೂಬೆಗೆ ಮುಟ್ಟದು. ಕೇಳಿ ಹಿಡಿಯುವ ಬೇಟೆ ಇಲ್ಲದ ಕಡೆ ನಿಶ್ಶಬ್ದದ ರೆಕ್ಕೆಯೂ ಇಲ್ಲ.

ಕಣಜ ಗೂಬೆ ಈ ರೆಕ್ಕೆಗೆ ಬೆಲೆ ತೆರುತ್ತಲೇ ಇರುತ್ತದೆ. ಅದರ ಸಡಿಲ, ನವಿರು ಗರಿಗಳು ನೀರನ್ನು ಸರಿಯಾಗಿ ತಡೆಯುವುದಿಲ್ಲ, ಮಳೆಯಲ್ಲಿ ಬೇಗ ತೊಯ್ದು ಭಾರವಾಗುತ್ತವೆ. ಅದೇ ಮಳೆ ಎಲೆಗಳ ಮೇಲೆ ಬಿದ್ದು ಇಲಿಯ ಸರಸರವನ್ನೂ ಮುಚ್ಚಿಹಾಕುತ್ತದೆ, ನೆನೆದ ಎಲೆಯಂತೂ ತುಳಿದರೂ ಸದ್ದಾಗದು. ರೆಕ್ಕೆ, ಕಿವಿ ಎರಡೂ ಒಟ್ಟಿಗೆ ಕೈಕೊಡುವ ಹೊತ್ತು ಅದು. ಜಡಿಮಳೆ ಕೆಲವು ರಾತ್ರಿ ಬಿಡದೆ ಹಿಡಿದರೆ ಮೈಯಲ್ಲಿ ಕೊಬ್ಬಿನ ಸಂಗ್ರಹ ಕಡಿಮೆ ಇರುವ ಈ ಹಕ್ಕಿ ಹಸಿವಿನಿಂದ ಸೊರಗುತ್ತದೆ, ಗೂಡಿನಲ್ಲಿ ಮರಿಗಳಿದ್ದರೆ ಮೊದಲು ಸಾಯುವುದು ಕೊನೆಯಲ್ಲಿ ಮೊಟ್ಟೆಯೊಡೆದ ಚಿಕ್ಕ ಮರಿ.