ಬಲಗಡೆಯ Alt ಕೀಲಿಯಲ್ಲಿ ಅಡಗಿರುವ ಅಕ್ಷರಗಳು

2015ರ ಸುಮಾರಿಗೆ ಮೀಡಿಯಂ ಎಂಬ ಬರಹತಾಣದಲ್ಲಿ ಪೋಲಿಷ್ ಭಾಷೆಯವರಿಗೆ ಒಂದು ವಿಚಿತ್ರ ತೊಂದರೆ ಎದುರಾಯಿತು. ಅವರ ಭಾಷೆಗೇ ವಿಶೇಷವಾದ ಅಕ್ಷರಗಳು ಒಂಬತ್ತು. ಅವುಗಳಲ್ಲಿ ಎಂಟು ಸರಿಯಾಗಿ ಮೂಡುತ್ತಿದ್ದವು, ś ಮಾತ್ರ ಎಷ್ಟು ಒತ್ತಿದರೂ ಬರುತ್ತಿರಲಿಲ್ಲ. ಕೀಲಿಮಣೆ ಕೆಟ್ಟಿದೆಯೆನ್ನಲು ಬೇರೆ ತಂತ್ರಾಂಶಗಳಲ್ಲಿ ಅದೇ ಅಕ್ಷರ ಚೆನ್ನಾಗಿಯೇ ಬರುತ್ತಿತ್ತು.

ಕಾರಣ ಹುಡುಕಿ ಬರೆದವರು ಅಲ್ಲಿಯೇ ವಿನ್ಯಾಸಕಾರರಾಗಿದ್ದ, ಪೋಲೆಂಡ್ ಮೂಲದ ಮಾರ್ಚಿನ್ ವಿಖಾರಿ. ಮೀಡಿಯಂನಲ್ಲಿ ಬರೆದದ್ದು ತಾನಾಗಿಯೇ ಸೇವ್ ಆಗುತ್ತದೆ. ಆದರೂ ಅಭ್ಯಾಸಬಲದಿಂದ ಜನ Ctrl ಮತ್ತು S ಒತ್ತುತ್ತಾರೆ, ಆಗ ಬ್ರೌಸರು ಪುಟ ಉಳಿಸುವ ಕಿಟಕಿ ತೆರೆದು ಕಿರಿಕಿರಿ ಮಾಡುತ್ತದೆ. ಅದನ್ನು ತಪ್ಪಿಸಲು ಆ ಜೋಡಿಯನ್ನು ನುಂಗಿಹಾಕುವ ಕೋಡ್ ಬರೆದಿದ್ದರು. ಪೋಲೆಂಡಿನವರು ś ಬರೆಯುವುದು ಬಲಗಡೆಯ Alt ಹಿಡಿದು S ಒತ್ತಿ. ವಿಂಡೋಸಿನ ಲೆಕ್ಕದಲ್ಲಿ ಆ ಬಲಗಡೆಯ ಕೀಲಿ ಎಂದರೆ Ctrl ಮತ್ತು Alt ಎರಡನ್ನೂ ಒಟ್ಟಿಗೆ ಒತ್ತಿದ ಹಾಗೆ. ಕೋಡ್ Ctrl ಮತ್ತು S ಇದೆಯೇ ಎಂದಷ್ಟೇ ನೋಡಿತು, ಜೊತೆಯಲ್ಲಿ Alt ಕೂಡ ಇದೆಯೇ ಎಂದು ನೋಡಲಿಲ್ಲ. ಪಾಪದ ś ಅಲ್ಲಿಗೇ ಮಾಯ.

ಯುರೋಪಿನ ಕೀಲಿಮಣೆಗಳಲ್ಲಿ ಈ ಬಲಗಡೆಯ ಕೀಲಿಯ ಮೇಲೆ AltGr ಎಂದು ಅಚ್ಚಾಗಿರುತ್ತದೆ. ಶಿಫ್ಟ್ ಒತ್ತಿದರೆ ದೊಡ್ಡಕ್ಷರ ಸಿಗುವಂತೆ, AltGr ಒತ್ತಿದರೆ ಅದೇ ಕೀಲಿಗೆ ಇನ್ನೊಂದು ಅಕ್ಷರ ಸಿಗುತ್ತದೆ. ಪೋಲಿಷ್ ಕೀಲಿಮಣೆಯಲ್ಲಿ A ಒತ್ತಿದರೆ ą, L ಒತ್ತಿದರೆ ł. Z ಮೂಲದ ಅಕ್ಷರಗಳು ಎರಡಿರುವುದರಿಂದ ಒಂದಕ್ಕೆ ಪಕ್ಕದ X ಕೀಲಿಯನ್ನು ಬಿಟ್ಟುಕೊಟ್ಟಿದ್ದಾರೆ.

ನಮ್ಮಲ್ಲಿ ಮಾರಾಟವಾಗುವ ಕೀಲಿಮಣೆಗಳ ಎರಡೂ ಬದಿಯಲ್ಲಿ ಸಾಮಾನ್ಯವಾಗಿ ಬರೀ Alt ಎಂದೇ ಇರುತ್ತದೆ. ಅಚ್ಚು ಮುಖ್ಯವಲ್ಲ. ಆ ಕೀಲಿ ಏನು ಮಾಡಬೇಕೆಂದು ತೀರ್ಮಾನಿಸುವುದು ಕಂಪ್ಯೂಟರಿನಲ್ಲಿ ಆರಿಸಿಕೊಂಡ ವಿನ್ಯಾಸ, ಅಂದರೆ ಕೀಬೋರ್ಡ್ ಲೇಔಟ್. ಉದಾಹರಣೆಗೆ ರೂಪಾಯಿ ಚಿಹ್ನೆಯನ್ನೇ ನೋಡಬಹುದು. ಉದಯ ಕುಮಾರ್ ರೂಪಿಸಿದ ₹ ಚಿಹ್ನೆಯನ್ನು ಕೇಂದ್ರ ಸರ್ಕಾರ 2010ರ ಜುಲೈನಲ್ಲಿ ಒಪ್ಪಿಕೊಂಡಿತು. ಅದೇ ವರ್ಷ ಅದು ಯೂನಿಕೋಡಿಗೂ ಸೇರಿತು. ವಿಂಡೋಸಿನಲ್ಲಿ English (India) ವಿನ್ಯಾಸ ಇದ್ದರೆ ಬಲಗಡೆಯ Alt ಹಿಡಿದು 4 ಒತ್ತಿದರೆ ₹ ಬರುತ್ತದೆ. ಅಮೆರಿಕದ US ವಿನ್ಯಾಸ ಇದ್ದರೆ ಏನೂ ಬರುವುದಿಲ್ಲ. ಬಿಲ್ಲುಗಳಲ್ಲಿ ಇಂದಿಗೂ Rs. ಎಂದೇ ಬರೆಯುವ ಅನೇಕರ ತೊಂದರೆ ಬಹುಶಃ ಇಷ್ಟೇ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಯಾವ ವಿನ್ಯಾಸ ನಡೆಯುತ್ತಿದೆ ಎಂಬುದು ಕಾಣುತ್ತದೆ. ಒಂದಕ್ಕಿಂತ ಹೆಚ್ಚು ಹಾಕಿಕೊಂಡಿದ್ದರೆ ಅಲ್ಲಿಯೇ ಬದಲಾಯಿಸಬಹುದು.

AltGr ದಾರಿಗೆ ಒಂದು ಮಿತಿಯಿದೆ. ಯಾವ ಕೀಲಿಯ ಹಿಂದೆ ಯಾವ ಅಕ್ಷರ ಅಡಗಿದೆ ಎಂಬುದನ್ನು ಬಾಯಿಪಾಠ ಮಾಡಬೇಕು. ಒಂಬತ್ತು ಅಕ್ಷರಗಳಿಗೆ ಅದು ನಡೆಯುತ್ತದೆ, ತೊಂಬತ್ತಕ್ಕೆ ನಡೆಯುವುದಿಲ್ಲ.

ಡೆಡ್ ಕೀ ಎಂಬ ಇನ್ನೊಂದು ದಾರಿ ಕಂಪ್ಯೂಟರಿಗಿಂತ ಹಳೆಯದು, ಬೆರಳಚ್ಚು ಯಂತ್ರದ ಕಾಲದ್ದು. ಅದರಲ್ಲಿ ಪ್ರತಿ ಅಕ್ಷರ ಅಚ್ಚಾದಾಗಲೂ ಕಾಗದ ಹೊತ್ತ ಬಂಡಿ ಒಂದು ಹೆಜ್ಜೆ ಸರಿಯುತ್ತದೆ. ಫ್ರೆಂಚ್ ಯಂತ್ರಗಳಲ್ಲಿ ê ಅಕ್ಷರದ ನೆತ್ತಿಯ ಗುರುತಿನಂಥವಕ್ಕೆ ಬಂಡಿಯನ್ನು ಸರಿಸದ ಕೀಲಿ ಇಟ್ಟಿದ್ದರು. ಮೊದಲು ಗುರುತು ಬೀಳುತ್ತದೆ, ಬಂಡಿ ನಿಂತಲ್ಲೇ ನಿಂತಿರುತ್ತದೆ. ಆಮೇಲೆ ಅದೇ ಜಾಗದಲ್ಲಿ e ಬಿದ್ದು ಬಂಡಿ ಮುಂದೆ ಹೋಗುತ್ತದೆ. ಗುರುತು ಮೊದಲು, ಅಕ್ಷರ ಆಮೇಲೆ ಎಂಬ ಕ್ರಮ ಬಂದದ್ದು ಹೀಗೆ. ವ್ಯಂಜನ ಒತ್ತಿ ಆಮೇಲೆ ಸ್ವರಚಿಹ್ನೆ ಒತ್ತುವ ಕನ್ನಡದ ಕೈಗೆ ಇದು ಮೊದಮೊದಲು ತಿರುಗುಮುರುಗು ಎನಿಸುತ್ತದೆ.

ವಿಂಡೋಸಿನ US-International ವಿನ್ಯಾಸದಲ್ಲಿ ಇಂಥ ಕೀಲಿಗಳು ಐದು: ' " ` ~ ^. ಒಂಟಿ ಉದ್ಧರಣ ಚಿಹ್ನೆ ಒತ್ತಿ e ಒತ್ತಿದರೆ é, ಜೋಡಿ ಚಿಹ್ನೆ ಒತ್ತಿ u ಒತ್ತಿದರೆ ü, ~ ಒತ್ತಿ n ಒತ್ತಿದರೆ ñ. ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಕಲಿಯುವವರಿಗೆ ಇಷ್ಟು ಸುಲಭವಾದ ದಾರಿ ಇನ್ನೊಂದಿಲ್ಲ. ಇಂಗ್ಲಿಷ್ ಬರೆಯುವಾಗ ಮಾತ್ರ ಅದೇ ಕೀಲಿಗಳು ಕಾಡುತ್ತವೆ. "Mysuru" ಎಂದು ಉದ್ಧರಣ ಚಿಹ್ನೆಯೊಳಗೆ ಬರೆದರೆ ತೊಂದರೆಯಿಲ್ಲ. M ಜೊತೆ ಕೂಡುವ ಅಕ್ಷರವಿಲ್ಲದ್ದರಿಂದ ಚಿಹ್ನೆಯೂ M ಕೂಡ ಒಟ್ಟಿಗೆ ಮೂಡುತ್ತವೆ. "Udupi" ಎಂದು ಬರೆಯಹೊರಟರೆ ಪರದೆಯ ಮೇಲೆ ಬರುವುದು Üdupi". ಆರಂಭದ ಚಿಹ್ನೆ U ತಲೆಯ ಮೇಲೆ ಎರಡು ಚುಕ್ಕೆಯಾಗಿ ಕುಳಿತಿರುತ್ತದೆ. ಚಿಹ್ನೆ ಒತ್ತಿ, ಒಮ್ಮೆ ಸ್ಪೇಸ್ ಒತ್ತಿ, ಆಮೇಲೆ U ಒತ್ತಿದರೆ ಸರಿಹೋಗುತ್ತದೆ. ಆ ಸ್ಪೇಸ್ ಪರದೆಯಲ್ಲಿ ಖಾಲಿ ಜಾಗವಾಗಿ ಉಳಿಯುವುದಿಲ್ಲ.

ಬರಹದಲ್ಲಾದರೆ ತಪ್ಪು ಕಣ್ಣಿಗೆ ಬೀಳುತ್ತದೆ. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಕಾಣುವುದು ಬರೀ ಚುಕ್ಕೆ. ಪಾಸ್‌ವರ್ಡಿನೊಳಗೆ 'e ಇದ್ದರೆ ಅದು é ಆಗಿ ಹೋಗಿರುತ್ತದೆ, ಕಂಪ್ಯೂಟರು ತಪ್ಪು ಎನ್ನುತ್ತದೆ, ಬಳಕೆದಾರರು ತಮ್ಮ ನೆನಪನ್ನೇ ಅನುಮಾನಿಸುತ್ತಾರೆ. ಪತ್ತೆ ಹಚ್ಚುವುದು ಕಷ್ಟವಲ್ಲ: ನೋಟ್‌ಪ್ಯಾಡಿನಲ್ಲಿ ' ಕೀಲಿಯನ್ನು ಒಮ್ಮೆ ಒತ್ತಬೇಕು. ಏನೂ ಮೂಡದಿದ್ದರೆ ಅದು ಡೆಡ್ ಕೀ.

ಹೆಚ್ಚು ಅಕ್ಷರ ಬೇಕಾದವರಿಗೆ ಸಿಗುವ ಮೂರನೆಯ ದಾರಿ ಕಂಪೋಸ್ ಕೀ. 1983ರಲ್ಲಿ ಬಂದ ಡಿಜಿಟಲ್ ಈಕ್ವಿಪ್‌ಮೆಂಟ್ ಕಂಪನಿಯ ವಿಟಿ220 ಟರ್ಮಿನಲ್ಲಿನ ಕೀಲಿಮಣೆಯಲ್ಲಿ ಅದಕ್ಕೆಂದೇ ಒಂದು ಕೀಲಿ ಇತ್ತು. ಇಂದಿನ ಕೀಲಿಮಣೆಗಳಲ್ಲಿ ಅದಿಲ್ಲ, ಬೇರೆ ಯಾವುದಾದರೂ ಕೀಲಿಗೆ ಆ ಕೆಲಸ ಒಪ್ಪಿಸಬೇಕು. ಉಬುಂಟುವಿನಂಥ ಲಿನಕ್ಸ್‌ಗಳಲ್ಲಿ ಕೀಬೋರ್ಡ್ ಸೆಟ್ಟಿಂಗ್ಸಿನಲ್ಲೇ ಈ ಸೌಲಭ್ಯವಿದೆ. ವಿಂಡೋಸಿಗೆ WinCompose ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಳ್ಳಬೇಕು. ಕಂಪೋಸ್ ಒತ್ತಿ ಬಿಟ್ಟು, ಆಮೇಲೆ ಒಂದಾದ ಮೇಲೊಂದರಂತೆ ಎರಡು ಕೀಲಿ ಒತ್ತಿದರೆ ಅವೆರಡೂ ಕೂಡಿ ಒಂದು ಅಕ್ಷರವಾಗುತ್ತದೆ. o ಎರಡು ಸಲ ಒತ್ತಿದರೆ °, R ಮತ್ತು = ಒತ್ತಿದರೆ ₹, o ಮತ್ತು c ಒತ್ತಿದರೆ ©. ಜೋಡಿಗಳು ನೋಟಕ್ಕೆ ತಕ್ಕಂತೆ ಇರುವುದರಿಂದ ಕಂಠಪಾಠದ ಅಗತ್ಯ ಕಡಿಮೆ.

ಶಾಸನ, ಹಳಗನ್ನಡ ಅಥವಾ ಸಂಗೀತದ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವ ಕನ್ನಡಿಗರಿಗೆ ಇದರಷ್ಟು ಒದಗಿಬರುವ ಸಾಧನ ಬೇರೆ ಇಲ್ಲ. ಬಳ್ಳಾರಿ ಎಂಬುದನ್ನು ವಿದ್ವತ್ಪತ್ರಿಕೆಗಳ ರೀತಿಯಲ್ಲಿ Baḷḷāri ಎಂದು ಬರೆಯಬೇಕೆನ್ನಿ. ಲಿನಕ್ಸಿನಲ್ಲಿ ಕೆಳಗಿನ ಚುಕ್ಕೆಗೆ !, ಮೇಲಿನ ಗೆರೆಗೆ ಅಡಿಗೆರೆ _ ಗೊತ್ತುಮಾಡಿದ್ದಾರೆ. Ba ಎಂದು ಬರೆದು, ಕಂಪೋಸ್ ಒತ್ತಿ ! ಮತ್ತು l ಒತ್ತಿದರೆ ḷ. ಅದನ್ನೇ ಇನ್ನೊಮ್ಮೆ ಮಾಡಬೇಕು. ಆಮೇಲೆ ಕಂಪೋಸ್, _, a ಒತ್ತಿದರೆ ā. ಕೊನೆಗೆ ri. ಇದೇ ರೀತಿ ! ಜೊತೆ t ಒತ್ತಿದರೆ ṭ, n ಒತ್ತಿದರೆ ṇ, s ಒತ್ತಿದರೆ ṣ. ಶಕಾರಕ್ಕೆ ' ಮತ್ತು s.

ಮತ್ತೆ ಮತ್ತೆ ಬರುವ ಹೆಸರಿಗೆ ಇಷ್ಟೆಲ್ಲ ಒತ್ತುವುದು ಬೇಸರವೇ. ಅಂಥವರು ಹೋಮ್ ಫೋಲ್ಡರಿನಲ್ಲಿ .XCompose ಎಂಬ ಕಡತ ಮಾಡಿಕೊಂಡು ಸ್ವಂತ ಜೋಡಿಗಳನ್ನು ಸೇರಿಸಬಹುದು:

```
include "%L"
<Multi_key> <B> <l> : "Baḷḷāri"
```

ಮೊದಲ ಸಾಲು ಬಿಟ್ಟುಹೋದರೆ ಈಗಾಗಲೇ ಇರುವ ಜೋಡಿಗಳು ಕೈತಪ್ಪಿಹೋಗಬಹುದು. Multi_key ಎಂಬುದು ಕಂಪೋಸಿನ ಒಳಹೆಸರು. ಕಡತ ಉಳಿಸಿದ ಮೇಲೆ ತೆರೆದಿರುವ ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯಬೇಕು, ಇಲ್ಲದಿದ್ದರೆ ಹೊಸ ಜೋಡಿ ಕೆಲಸ ಮಾಡುವುದಿಲ್ಲ.

ಕಂಪೋಸಿಗೆ ಯಾವ ಕೀಲಿ ಕೊಡಬೇಕೆಂಬುದನ್ನು ಮಾತ್ರ ಸ್ವಲ್ಪ ಯೋಚಿಸಿ ತೀರ್ಮಾನಿಸಬೇಕು. WinCompose ತಾನಾಗಿಯೇ ಬಲಗಡೆಯ Alt ಕೀಲಿಯನ್ನು ಹಿಡಿದುಕೊಳ್ಳುತ್ತದೆ. ಹಾಗೇ ಬಿಟ್ಟರೆ ಆ ಕೀಲಿ ಮತ್ತು 4 ಒತ್ತಿ ₹ ಬರೆಯುವ ದಾರಿ ಮುಚ್ಚಿತು. ಎರಡೂ ಬೇಕೆನ್ನುವವರು ಕಂಪೋಸನ್ನು ಮೆನು ಕೀಲಿಗೆ ಕೊಡಲಿ. ಅನೇಕ ಲ್ಯಾಪ್‌ಟಾಪುಗಳಲ್ಲಿ ಮೆನು ಕೀಲಿ ಇರುವುದಿಲ್ಲ. ಅಂಥ ಕಡೆ ಕ್ಯಾಪ್ಸ್ ಲಾಕ್ ಆದೀತು.