ಮೊದಲು ಏಳು, ಆಮೇಲೆ ನಾಲ್ಕು

ಪಿಎಚ್ ಮೀಟರ್ ಓದುವುದು ಗಾಜಿನ ಎಲೆಕ್ಟ್ರೋಡ್‌ನಲ್ಲಿ ಹುಟ್ಟುವ ಮಿಲಿವೋಲ್ಟನ್ನು. ಎಲೆಕ್ಟ್ರೋಡ್ ಹಳೆಯದಾದಂತೆ ಅದು ಬದಲಾಗುವುದರಿಂದ, ಬಳಸುವ ದಿನವೇ ಮೀಟರನ್ನು ಹೊಂದಿಸಬೇಕು.

ಟೊಮೆಟೊ ರಸದ ಪಿಎಚ್ ಸಾಮಾನ್ಯವಾಗಿ 4 ಮತ್ತು 7ರ ನಡುವೆ ಇರುತ್ತದೆ; ಆದ್ದರಿಂದ ಆ ಎರಡು ಬಫರ್ ಸಾಕು. ಎಲೆಕ್ಟ್ರೋಡನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಉಜ್ಜದೆ ಟಿಶ್ಯೂ ಒತ್ತಿ ನೀರು ತೆಗೆಯಿರಿ. ಮೊದಲು 7ರ ಬಫರ್‌ನಲ್ಲಿ ಅದ್ದಿ, ಅಂಕಿ ನಿಂತ ಮೇಲೆ ಹೊಂದಿಸಿ. ಮತ್ತೆ ತೊಳೆದು 4ರಲ್ಲೂ ಹಾಗೆಯೇ ಮಾಡಿ.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇವೆರಡರ ನಡುವೆ ಸುಮಾರು 177 ಮಿಲಿವೋಲ್ಟ್ ಅಂತರ ಬರಬೇಕು. 160 ಮಾತ್ರ ಬಂದರೆ ಸ್ಲೋಪ್ ಶೇ. 90ಕ್ಕೆ ಇಳಿದಿದೆ ಎಂದರ್ಥ. ಎಲೆಕ್ಟ್ರೋಡ್ ಶುಚಿಮಾಡಿ, ಹೊಸ ಬಫರ್‌ನಲ್ಲಿ ಮತ್ತೆ ನೋಡಿ. ಸರಿಯಿದ್ದರೆ ತೊಳೆದು, ರಸದಲ್ಲಿ ಅದ್ದಿ, ಅಂಕಿ ನಿಂತ ಮೇಲೆ ಬರೆದುಕೊಳ್ಳಿ.

ಮುಗಿದ ಮೇಲೆ ಎಲೆಕ್ಟ್ರೋಡನ್ನು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿಡಿ. ಡಿಸ್ಟಿಲ್ಡ್ ವಾಟರ್‌ನಲ್ಲಿ ಬಿಟ್ಟರೆ ಅದು ಕೆಡುತ್ತದೆ.