ಹತ್ತು ಪ್ರಶ್ನೆಗಳ ಒಳಗೆ ಎಷ್ಟು ಗುಣಗಳು?

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ಆತ್ಮಗೌರವ ಅಳೆಯುವ ಮಾಪಕವೊಂದನ್ನು ಪ್ರಕಟಿಸಿದರು. ಅದರಲ್ಲಿರುವುದು ಹತ್ತೇ ಹೇಳಿಕೆಗಳು. ಐದು ತನ್ನ ಬಗ್ಗೆ ಒಳ್ಳೆಯದನ್ನು ಹೇಳುತ್ತವೆ, ಐದು ಕೆಟ್ಟದ್ದನ್ನು. ಕಣ್ಣುಮುಚ್ಚಿ ಎಲ್ಲಕ್ಕೂ ‘ಒಪ್ಪುತ್ತೇನೆ’ ಎಂದು ಗುರುತು ಹಾಕುವವರ ಉತ್ತರ ಅಂಕವನ್ನು ಕೆಡಿಸದಿರಲೆಂದು ಇಂಥ ಬೆರಕೆ ಮಾಡುತ್ತಾರೆ. ಅಂಕ ಕೂಡುವಾಗ ಕೆಟ್ಟ ಹೇಳಿಕೆಗಳ ಅಂಕಗಳನ್ನು ತಿರುವಿಹಾಕುತ್ತಾರೆ.

ಹತ್ತೂ ಹೇಳಿಕೆಗಳು ಒಂದೇ ಗುಣವನ್ನು ಅಳೆಯುತ್ತಿವೆಯೇ ಎಂದು ನೋಡಲು ಅನ್ವೇಷಣಾತ್ಮಕ ಅಂಶ ವಿಶ್ಲೇಷಣೆ ನೆರವಾಗುತ್ತದೆ. ಯಾವ ಹೇಳಿಕೆಗಳ ಉತ್ತರಗಳು ಜೊತೆಜೊತೆಯಾಗಿ ಏರಿಳಿಯುತ್ತವೆ ಎಂಬುದನ್ನು ಹಿಡಿದು, ಅದಕ್ಕೆ ಕಾರಣವಾಗಿರಬಹುದಾದ ಕಾಣದ ಅಂಶಗಳನ್ನು ಅದು ಊಹಿಸುತ್ತದೆ. ಅಂಶ ಒಂದೇ ಇದ್ದಾಗ, ಹೇಳಿಕೆಗೂ ಅದಕ್ಕೂ ಇರುವ ಸಹಸಂಬಂಧವೇ ಲೋಡಿಂಗ್. ಲೋಡಿಂಗ್ 0.7 ಇದ್ದರೆ ಅದರ ವರ್ಗ 0.49, ಅಂದರೆ ಆ ಹೇಳಿಕೆಯ ಉತ್ತರಗಳಲ್ಲಿ ಕಾಣುವ ವ್ಯತ್ಯಾಸದ ಅರ್ಧದಷ್ಟು ಆ ಅಂಶದಿಂದ ಬಂದದ್ದು. 0.3ಕ್ಕೆ ಇಳಿದರೆ ಈ ಪಾಲು ಶೇ. 9 ಮಾತ್ರ. ಅಂಥ ಹೇಳಿಕೆಯನ್ನು ಉಳಿಸಿಕೊಳ್ಳಬೇಕೇ ಎಂದು ಮತ್ತೆ ಯೋಚಿಸಬೇಕಾಗುತ್ತದೆ.

ಕಷ್ಟದ ಪ್ರಶ್ನೆ, ಎಷ್ಟು ಅಂಶಗಳನ್ನು ಒಪ್ಪಬೇಕು ಎಂಬುದು.

ಇಲ್ಲಿ ಐಗನ್ ಮೌಲ್ಯ ಬರುತ್ತದೆ. ಪ್ರತಿ ಹೇಳಿಕೆಯ ವ್ಯತ್ಯಾಸವನ್ನು 1 ಎಂದು ಹಿಡಿದರೆ ಒಟ್ಟು 10. ಅದನ್ನು ಹತ್ತು ಐಗನ್ ಮೌಲ್ಯಗಳು ದೊಡ್ಡದರಿಂದ ಚಿಕ್ಕದಕ್ಕೆ ಹಂಚಿಕೊಳ್ಳುತ್ತವೆ. 1ಕ್ಕಿಂತ ದೊಡ್ಡವನ್ನೆಲ್ಲ ಇಟ್ಟುಕೊಳ್ಳಿ ಎಂಬ ಕೈಸರ್ ನಿಯಮ ಬಹಳ ಬಳಕೆಯಲ್ಲಿದೆ, ಆದರೆ ಅದನ್ನು ನಂಬುವಂತಿಲ್ಲ. ಹತ್ತರ ಸರಾಸರಿಯೇ 1 ಆಗಿರುವುದರಿಂದ, ಜನ ಮನಸ್ಸಿಗೆ ಬಂದಂತೆ ಗುರುತು ಹಾಕಿದರೂ ಕೆಲವು ಮೌಲ್ಯಗಳು 1ನ್ನು ದಾಟಿಬಿಡುತ್ತವೆ. ಜಾನ್ ಹಾರ್ನ್ 1965ರಲ್ಲಿ ಸೂಚಿಸಿದ ಸಮಾನಾಂತರ ವಿಶ್ಲೇಷಣೆ ಇದಕ್ಕಿಂತ ಮೇಲು. ಅಷ್ಟೇ ಜನ, ಅಷ್ಟೇ ಹೇಳಿಕೆಗಳಿರುವ ಯಾದೃಚ್ಛಿಕ ದತ್ತಾಂಶವನ್ನು ಮತ್ತೆಮತ್ತೆ ಸೃಷ್ಟಿಸಿ, ಅದರ ಮೌಲ್ಯಗಳನ್ನು ಮೀರಿದವನ್ನಷ್ಟೇ ಒಪ್ಪುವುದು ಇದರ ಕ್ರಮ. ನಮ್ಮ ಮೊದಲೆರಡು ಮೌಲ್ಯಗಳು 4.5 ಮತ್ತು 1.4, ಯಾದೃಚ್ಛಿಕವಾಗಿ ಬಂದವು 1.35 ಮತ್ತು 1.25 ಎಂದುಕೊಳ್ಳಿ. ಆಗ ಎರಡು ಅಂಶಗಳು ಉಳಿಯುತ್ತವೆ.

ರೋಸೆನ್‌ಬರ್ಗ್ ಮಾಪಕದಲ್ಲಿ ಅನೇಕರಿಗೆ ಸಿಕ್ಕಿದ್ದೂ ಎರಡೇ. ಒಳ್ಳೆಯ ಹೇಳಿಕೆಗಳು ಒಂದರ ಮೇಲೆ, ಕೆಟ್ಟವು ಇನ್ನೊಂದರ ಮೇಲೆ ಹೆಚ್ಚು ಲೋಡ್ ಆದವು. ಹಾಗಾದರೆ ಆತ್ಮಗೌರವವೂ ಆತ್ಮನಿಂದೆಯೂ ಬೇರೆಬೇರೆಯೇ? ಕಾರ್ಮೈನ್ಸ್ ಮತ್ತು ಜೆಲ್ಲರ್ ಎಂಬ ಸಂಶೋಧಕರು ಎರಡೂ ಅಂಶಗಳ ಅಂಕಗಳನ್ನು ಮಾಪಕದ ಹೊರಗಿನ ಹಲವು ವಿಷಯಗಳೊಂದಿಗೆ ಹೋಲಿಸಿ ನೋಡಿದರು. ಎರಡರ ಸಂಬಂಧಗಳೂ ಹೆಚ್ಚುಕಡಿಮೆ ಒಂದೇ ತೆರನಾಗಿದ್ದವು. ಗುಣ ಒಂದೇ, ಎರಡಾಗಿ ಕಂಡದ್ದು ವಾಕ್ಯದ ಧಾಟಿಯಿಂದ ಎಂದು ಅವರು ತೀರ್ಮಾನಿಸಿದರು. ಈ ಚರ್ಚೆ ಇನ್ನೂ ನಿಂತಿಲ್ಲವಾದರೂ ಅವರ ದಾರಿ ಸರಿಯಾದದ್ದು: ಅಂಶವೊಂದು ನಿಜವಾದ ಗುಣವೇ ಎಂಬುದನ್ನು ಐಗನ್ ಮೌಲ್ಯವೊಂದೇ ಹೇಳಲಾರದು.

ಆದ್ದರಿಂದ ಹೊಸ ಮಾಪಕ ಕಟ್ಟುವವರು ತಲೆಕೆಳಗಾದ ಹೇಳಿಕೆಗಳೆಲ್ಲ ಒಂದೇ ಕಡೆ ಗುಂಪುಗೂಡಿದರೆ ಅದಕ್ಕೆ ಹೆಸರಿಡಲು ಅವಸರಪಡಬಾರದು. ಉಳಿಸಿಕೊಂಡ ರಚನೆಯನ್ನು ಅದೇ ಜನರ ಉತ್ತರಗಳಲ್ಲಿ ಮತ್ತೆ ಪರೀಕ್ಷಿಸಿ ಪ್ರಯೋಜನವಿಲ್ಲ. ಬೇರೆ ಜನರಿಂದ ಉತ್ತರ ಪಡೆದು, ದೃಢೀಕರಣ ವಿಶ್ಲೇಷಣೆಗೆ ಒಡ್ಡಬೇಕು.